ನಮ್ಮ ಬಯೋದಲ್ಲಿ ಎಲ್ಲಾ ಇತ್ತು, ಬೇಕಾದ ಒಂದು ಮಾತು ಇರಲಿಲ್ಲ

ಬೆಳಿಗ್ಗೆಯಿಂದ ಮನಸ್ಸಿಗೆ ಸಮಾಧಾನ ಇಲ್ಲ. ಶಿರಾ ಕಡೆಯ ಒಂದು ಎಫ್‌ಪಿಒ ಅಧ್ಯಕ್ಷರು ತುಮಕೂರಿನ ನಮ್ಮ ಆಫೀಸಿಗೆ ಬಂದಿದ್ದರು. ಕಡ್ಲೇಕಾಯಿ ಬೆಳೆಯೋ ರೈತರೇ ಸೇರಿ ಕಟ್ಟಿದ ಉತ್ಪಾದಕ ಕಂಪನಿ. ನೋಂದಣಿಯಾಗಿ ಐದು ತಿಂಗಳಾಗಿದೆ, ಮೊದಲ ವಾರ್ಷಿಕ ಸಭೆ ಇನ್ನೂ ಆಗಿಲ್ಲ. 'ಮೊದಲ ಹಣಕಾಸು ವರ್ಷ ಮುಗಿದ ಮೇಲೆ ಒಂಬತ್ತು ತಿಂಗಳು ಟೈಮ್ ಇದೆ' ಅಂದಿದ್ದರಂತೆ ಅವರ ಕನ್ಸಲ್ಟೆಂಟ್. ಮಾಮೂಲಿ ಕಂಪನಿಗೆ ಅದು ಸರಿ. ಉತ್ಪಾದಕ ಕಂಪನಿಗೆ ಕಾನೂನು ಬೇರೆ. ನೋಂದಣಿಯಾದ 90 ದಿನದೊಳಗೆ ಮೊದಲ ಸಭೆ ಆಗಲೇಬೇಕು. ಮುಂದಿನ ಸಭೆಗಳಿಗೆ ರಿಜಿಸ್ಟ್ರಾರ್ ಮೂರು ತಿಂಗಳವರೆಗೆ ಟೈಮ್ ಕೊಡಬಹುದು, ಮೊದಲನೆಯದಕ್ಕೆ ಅದೂ ಇಲ್ಲ.

'ಅವರನ್ನೇ ಯಾಕೆ ಹಿಡಿದ್ರಿ ಸಾರ್?' ಅಂತ ಕೇಳಿದೆ.

'ಐದಾರು ಜನರ ಪ್ರೊಫೈಲ್ ನೋಡಿದೆ. ಎಲ್ಲರದ್ದೂ ಒಂದೇ ಥರ ಇತ್ತು. ಕಡಿಮೆ ಫೀಸು ಹೇಳಿದವರಿಗೆ ಕೊಟ್ಟೆ.'

ಆ ಐದಾರು ಜನರಲ್ಲಿ ನಾನೂ ಇದ್ದೆ. ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್, ಕಂಪನಿ ನೋಂದಣಿ, ಪ್ರಾಜೆಕ್ಟ್ ರಿಪೋರ್ಟ್, ಫುಡ್ ಲೈಸೆನ್ಸ್. ಬಯೋದಲ್ಲಿ ಇಷ್ಟೂ ಬರೆದಿದ್ದೆ. ನಾಲ್ಕು ವರ್ಷದಿಂದ ಎಫ್‌ಪಿಒಗಳ ಕೆಲಸ ಮಾಡುತ್ತಿರೋದನ್ನು ಮಾತ್ರ ಬರೆದಿರಲಿಲ್ಲ. ನಿಜವಾಗಿ ನೋವಾಯಿತು.

ಅವರು ಹೋದ ಮೇಲೆ ಎರಡು ವರ್ಷದ ಬಿಲ್‌ಗಳನ್ನು ತೆಗೆದು ಕೂತೆ. ಹನ್ನೊಂದು ಎಫ್‌ಪಿಒ ಸಿಕ್ಕವು. ಹೆಚ್ಚಿನವರು ಬಂದಿದ್ದು ಮೊದಲ ವರ್ಷದ ಗೊಂದಲಕ್ಕೇ. ಮೊದಲು 'ಎಫ್‌ಪಿಒ ತಜ್ಞ' ಅಂತ ಬರೆದೆ, ಅಳಿಸಿದೆ. ತಜ್ಞ ಅಂತ ಯಾರು ಬೇಕಾದರೂ ಬರೆದುಕೊಳ್ಳಬಹುದು, ಅಲ್ವಾ? ಓದುವವರಿಗೆ ತಮ್ಮ ತೊಂದರೆ ಅಲ್ಲಿ ಕಾಣಬೇಕು. ಕೊನೆಗೆ ಹೀಗೆ ಬರೆದೆ:

'ಹೊಸ ಎಫ್‌ಪಿಒಗಳ ಮೊದಲ ವರ್ಷ: ಸಭೆ, ಲೆಕ್ಕ, ಫೈಲಿಂಗ್. ತುಮಕೂರು ಜಿಲ್ಲೆಯಲ್ಲಿ 11 ಎಫ್‌ಪಿಒಗಳ ಕೆಲಸ ಮಾಡಿದ್ದೇನೆ. ನಿಮ್ಮ 90 ದಿನ ಯಾವತ್ತಿಗೆ ಮುಗಿಯುತ್ತೆ?'

'ಅಂಗಡಿಯವರು ಬಿಟ್ಟು ಹೋಗ್ತಾರೆ' ಅಂತ ಗೆಳೆಯ ಹೆದರಿಸಿದ. ನಾನು ಒಪ್ಪಲ್ಲ. ಮಂಡಿಪೇಟೆಯ ಅಂಗಡಿಯವರು ನನ್ನ ಬಯೋ ಓದಿ ಬಂದವರಲ್ಲ, ಪಕ್ಕದ ಅಂಗಡಿಯವರು ಹೇಳಿ ಬಂದವರು. ಅವರ ರಿಟರ್ನ್ ಮೊದಲಿನ ಹಾಗೇ ಹಾಕುತ್ತೇನೆ. ಬಯೋ ಇರೋದು ನನ್ನ ಗುರುತೇ ಇಲ್ಲದವರಿಗೆ.

ಹಾಗಂತ ತೀರಾ ಚಿಕ್ಕದೂ ಮಾಡಬಾರದು. 'ಕಡ್ಲೇಕಾಯಿ ಎಫ್‌ಪಿಒ ಮಾತ್ರ' ಅಂದರೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಸಿಗ್ತಾರೆ? ತೆಂಗಿನವರಿಗೂ ರಾಗಿಯವರಿಗೂ ಕಾನೂನು ಒಂದೇ. ಹಾಗಾಗಿ ಬೆಳೆ ಬಿಟ್ಟು 'ಮೊದಲ ವರ್ಷ' ಇಟ್ಟುಕೊಂಡೆ. ಒಂದೇ ಒಂದು ಕೆಲಸ ಮಾಡಿ ಹೀಗೆ ಬರೆದುಕೊಳ್ಳೋದೂ ತಪ್ಪು. ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೇವೆ.

ಇದು ಕೆಲಸ ಮಾಡ್ತಿದೆಯೋ ಇಲ್ಲವೋ ಫೋನಿನ ಮೊದಲ ಮಾತಲ್ಲೇ ತಿಳಿಯುತ್ತೆ. ಇಷ್ಟು ದಿನ 'ಸಾರ್, ಫೀಸು ಎಷ್ಟು?' ಅಂತ ಶುರುವಾಗ್ತಿತ್ತು. 'ಸಾರ್, ನಮ್ಮದು ನೋಂದಣಿಯಾಗಿ ಎರಡು ತಿಂಗಳಾಯ್ತು' ಅಂತ ಶುರುವಾದರೆ ಸರಿಯಾದವರು ಓದಿದ್ದಾರೆ ಅಂತ ಅರ್ಥ.

ಶಿರಾದವರ ಸಭೆಯ ನೋಟಿಸು ಈಗ ಬರೆಯಬೇಕು. ಸದಸ್ಯರಿಗೆ ಕನಿಷ್ಠ 14 ದಿನ ಮೊದಲು ಕೊಡಬೇಕು. ತಡವಂತೂ ಆಗಿಹೋಗಿದೆ.