ಅವ್ವನ ಗಾಬರಿ ಮಗಳಿಗೂ ಬಂದೇ ಬರುತ್ತದೆಯೇ? ಒಂದು ಸ್ಪಷ್ಟನೆ

ಪ್ರಶ್ನೆ (ಬಾಗಲಕೋಟೆಯಿಂದ): ನಮ್ಮವ್ವಗ ಗಾಬರಿ, ನನಗೂ ಗಾಬರಿ. ಇದು ರಕ್ತದಾಗ ಇರ್ತದ, ಮಗಳಿಗೂ ಬಂದೇ ಬರ್ತದ ಅಂತ ವಾಟ್ಸಾಪ್‌ನಾಗ ಬಂದೈತ್ರಿ. ಖರೇನಾ?

ಉತ್ತರ: ಅರ್ಧ ಖರೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ, ಆತಂಕದ ಕಾಯಿಲೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸಕ್ಕೆ ಜೀನ್‌ಗಳ ಪಾಲು ಸುಮಾರು 30ರಿಂದ 40 ಶೇಕಡಾ. ಇದು ಇಡೀ ಜನಸಮೂಹದ ಲೆಕ್ಕ, ನಿಮ್ಮ ಮಗಳಿಗೆ ಬರುವ ಸಾಧ್ಯತೆಯಲ್ಲ. ಜೀನ್‌ಗಳಿಂದ ಬರಬಹುದಾದ ಒಂದು ಗುಣ ಹೊಸದನ್ನು ಕಂಡರೆ ಹಿಂಜರಿಯುವ ಸ್ವಭಾವ. ಅಂಥ ಮಕ್ಕಳಲ್ಲೂ ಬಹಳಷ್ಟು ಜನರಿಗೆ ಕಾಯಿಲೆ ಬರುವುದಿಲ್ಲ.

ಉಳಿದದ್ದು ಮನೆಯಲ್ಲಿ, ಹೊರಗೆ ನಡೆಯುತ್ತದೆ. ಮಗಳು ಕಿರಾಣಿ ಅಂಗಡಿಯಲ್ಲಿ ಮಾತಾಡಲು ಅಂಜುತ್ತಾಳೆ ಅಂದುಕೊಳ್ಳಿ. ಅವ್ವನೇ ಸಕ್ಕರೆ ಕೇಳುತ್ತಾಳೆ. ಇಬ್ಬರಿಗೂ ತಕ್ಷಣ ಹಗುರ. ಆದರೆ ‘ನನ್ನಿಂದ ಆಗುತ್ತೆ’ ಅಂತ ತಿಳಿಯುವ ಅವಕಾಶ ಮಗಳಿಗೆ ತಪ್ಪುತ್ತದೆ. ಮುಂದಿನ ಸಲ ಅಂಜಿಕೆ ಜಾಸ್ತಿ. ಅಂಜುವ ಅವ್ವಂದಿರೇ ಹೀಗೆ ಬೇಗ ನೆರವಿಗೆ ಬರುತ್ತಾರೆ, ತಪ್ಪು ಅಂತಲ್ಲ, ಆ ಸಂಕಟ ಅವರಿಗೆ ಗೊತ್ತಲ್ವಾ!

ಹಾಗಂತ ಸುಮ್ನೆ ಗದರಿಸಿ ದೂಡಬೇಡಿ. ‘ಅಂಜಿಕೆ ಆಗ್ತದೆ, ಆದ್ರೂ ಕೇಳಬಲ್ಲಿ’ ಎನ್ನಿ. ಮೊದಲು ದುಡ್ಡು ಅವಳೇ ಕೊಡಲಿ, ಆಮೇಲೆ ಒಂದು ಸಾಮಾನು ಅವಳೇ ಕೇಳಲಿ. ಅಂಜಿಕೆಯಿಂದ ಶಾಲೆ, ನಿದ್ದೆ ವಾರಗಟ್ಟಲೆ ಕೆಟ್ಟರೆ ಮನೋವೈದ್ಯರಿಗೆ ತೋರಿಸಿ.