ಟಿಪ್ಪು ಸತ್ತಾಗ ಕ್ಯಾಮೆರಾನೇ ಇರಲಿಲ್ಲ ಕಣ್ರೀ

ಇವತ್ತು ಮಧ್ಯಾಹ್ನ ಮತ್ತೆ ಅದೇ ಫೋಟೋ ಬಂತು. ನನ್ನ ಫ್ಲೆಕ್ಸ್ ಅಂಗಡಿಗೆ ಬಂದು ಹೋಗುವವರಿಗೆ ಹೇಳಬೇಕಾಗಿಲ್ಲ, ವರ್ಷಕ್ಕೊಂದು ಸೀಸನ್ ಇದಕ್ಕೆ ಇದ್ದೇ ಇದೆ. ಬಿಳಿ ಗಡ್ಡ, ಕಪ್ಪು ಮೈಬಣ್ಣ, ತಲೆಗೆ ರುಮಾಲು, ಉದ್ದ ನಿಲುವಂಗಿ ತೊಟ್ಟ ಒಬ್ಬ ವಯಸ್ಸಾದ ಮನುಷ್ಯ. ಕೆಳಗೆ ದಪ್ಪ ಅಕ್ಷರದಲ್ಲಿ "ಟಿಪ್ಪು ಸುಲ್ತಾನನ ಅಸಲಿ ಫೋಟೋ, ಲಂಡನ್ ಮ್ಯೂಸಿಯಂನಲ್ಲಿದೆ, ನಮ್ಮ ಪಠ್ಯಪುಸ್ತಕದಲ್ಲಿರುವುದೆಲ್ಲ ಸುಳ್ಳು". ಈ ಸಲ ಯಾರೋ ಪುಣ್ಯಾತ್ಮರು ಅದಕ್ಕೆ ಬಣ್ಣ ಬೇರೆ ತುಂಬಿದ್ದಾರೆ. ಅಂಗಿಗೆ ಹಸಿರು. ಎಷ್ಟು ಚೆನ್ನಾಗಿ ತುಂಬಿದ್ದಾರೆ ಅಂದರೆ ಗಡ್ಡದ ಅರ್ಧ ಭಾಗವೂ ಹಸಿರಾಗಿದೆ.

"ಆರು ಅಡಿ ಬೈ ನಾಲ್ಕು ಅಡಿ ಮಾಡಿಕೊಡಣ್ಣ, ಅರ್ಜೆಂಟ್" ಅಂದ ಹುಡುಗ. ಇದು ಟಿಪ್ಪು ಅಲ್ಲ ಕಣೋ ಅಂದೆ. "ಎಲ್ಲ ಗ್ರೂಪಲ್ಲೂ ಬಂದಿದೆ" ಅಂದ. ಎಲ್ಲ ಗ್ರೂಪಿನಲ್ಲಿ ಬಂದಮೇಲೆ ಮುಗಿಯಿತು, ಇನ್ನು ಬ್ರಹ್ಮ ಬಂದು ಹೇಳಿದರೂ ನಡೆಯುವುದಿಲ್ಲ.

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅಂತ ನಾನು ಇಲ್ಲಿ ಬರೆಯುವುದಿಲ್ಲ, ಕಾಮೆಂಟ್‌ನಲ್ಲಿ ಆ ಜಗಳ ತೆಗೆದರೆ ಡಿಲೀಟ್ ಮಾಡುತ್ತೇನೆ, ಮೊದಲೇ ಹೇಳಿದ್ದೇನೆ. ನನ್ನ ತಕರಾರು ಆ ಫೋಟೋ ಬಗ್ಗೆ ಮಾತ್ರ. ಅದರಲ್ಲಿರುವವನು ಬೇರೆ ಮನುಷ್ಯ. ಬೇರೆ ದೇಶ, ಬೇರೆ ಕಾಲ.

ಮೊದಲು ಲೆಕ್ಕ ನೋಡಿ. ಟಿಪ್ಪು ಸತ್ತಿದ್ದು 1799ರ ಮೇ 4, ಶ್ರೀರಂಗಪಟ್ಟಣದ ಕೋಟೆ ಬಿದ್ದ ದಿನ. ಇದನ್ನು ಮಂಡ್ಯ ಜಿಲ್ಲೆಯವರಿಗೆ ಹೇಳಿಕೊಡಬೇಕಾ? ಅವನ ದೇಹ ಸಿಕ್ಕ ಜಾಗದಲ್ಲಿ ಕಲ್ಲು ನೆಟ್ಟಿದ್ದಾರೆ, ನಾವೆಲ್ಲ ಅದರ ಪಕ್ಕ ನಿಂತು ಸೌತೆಕಾಯಿ ತಿಂದವರೇ. ಈಗ ಕ್ಯಾಮೆರಾ ಕಡೆ ಬನ್ನಿ. ನಮಗೆ ಉಳಿದಿರುವ ಅತಿ ಹಳೆಯ ಕ್ಯಾಮೆರಾ ಚಿತ್ರ ಫ್ರಾನ್ಸಿನ ನಿಯೆಪ್ಸ್ ಅನ್ನುವವನದು, 1826–27ರ ಸುಮಾರಿನದು. ಅದರಲ್ಲಿ ಮನುಷ್ಯರೇ ಇಲ್ಲ, ಅವನ ಮನೆಯ ಕಿಟಕಿಯಿಂದ ಕಾಣುವ ಚಾವಣಿಗಳು ಅಷ್ಟೇ. ಅದು ಮೂಡುವುದಕ್ಕೇ ಗಂಟೆಗಟ್ಟಲೆ ಬಿಸಿಲು ಬೇಕಾಗಿತ್ತು. ಕ್ಯಾಮೆರಾ ಮುಂದೆ ಅಷ್ಟು ಹೊತ್ತು ಅಲ್ಲಾಡದೆ ಕೂರುವ ಮನುಷ್ಯ ಎಲ್ಲಿದ್ದಾನೆ? ಅದೇ ಫ್ರಾನ್ಸಿನ ಡಾಗೆರ್ ಅನ್ನುವವನು ಫೋಟೋ ತೆಗೆಯುವ ತನ್ನ ವಿಧಾನವನ್ನು ಜಗತ್ತಿಗೆ ಹೇಳಿದ್ದು 1839ರಲ್ಲಿ. ಜನರ ಮುಖ ಫೋಟೋದಲ್ಲಿ ಬರಲು ಶುರುವಾಗಿದ್ದು ಅದಾದ ಮೇಲೆ. ಅಂದರೆ ಟಿಪ್ಪು ಮಣ್ಣಾಗಿ ನಲವತ್ತು ವರ್ಷ ಕಳೆದಮೇಲೆ.

ಟಿಪ್ಪುವಿನ ಮಗನ ಫೋಟೋ ಅಂತ ಯಾರಾದರೂ ತಂದಿದ್ದರೆ ನಾನು ಕೂತು ನೋಡುತ್ತಿದ್ದೆ. ಗುಲಾಮ್ ಮಹಮ್ಮದ್ ಅನ್ನುವ ಮಗ ಕಲ್ಕತ್ತಾದಲ್ಲಿ 1872ರವರೆಗೂ ಬದುಕಿದ್ದ. ಅಪ್ಪನ ಹೆಸರು ಹೊತ್ತ ಅಲ್ಲಿನ ಮಸೀದಿ ಕಟ್ಟಿಸಿದವನು ಅವನೇ. ಅವನ ಕಾಲಕ್ಕೆ ಕಲ್ಕತ್ತಾದಲ್ಲಿ ಸ್ಟುಡಿಯೋಗಳೇ ಬಂದಿದ್ದವು. ಮಗನಿಗೆ ಕ್ಯಾಮೆರಾ ಎಟುಕುತ್ತಿತ್ತು, ಅಪ್ಪನಿಗೆ ಇಲ್ಲ.

ಸರಿ, ಹಾಗಾದರೆ ಫೋಟೋದಲ್ಲಿರುವವನು ಯಾರು? ಇದನ್ನು ಕಂಡುಹಿಡಿಯುವುದಕ್ಕೆ ಪಿಎಚ್‌ಡಿ ಬೇಡ, ಐದು ನಿಮಿಷ ಸಾಕು. ಮೊದಲು ಕೆಳಗಿರುವ ಬರಹ, ಮೂಲೆಯಲ್ಲಿರುವ ಗ್ರೂಪಿನ ಲೋಗೋ, ಸುತ್ತ ಹಾಕಿರುವ ಹೂವಿನ ಫ್ರೇಮು ಎಲ್ಲ ಕ್ರಾಪ್ ಮಾಡಿ ಬಿಸಾಕಿ. ಇದು ಮುಖ್ಯ, ಯಾಕೆಂದರೆ ಬರಹ ಉಳಿದರೆ ಗೂಗಲ್ ಲೆನ್ಸ್ ಆ ಬರಹವನ್ನೂ ಓದಿಕೊಂಡು ಅದೇ ಸುಳ್ಳು ಪೋಸ್ಟುಗಳನ್ನೇ ಮತ್ತೆ ತಂದು ಮುಂದಿಡುತ್ತದೆ. ಬರೀ ಮುಖ ಮತ್ತು ಬಟ್ಟೆ ಉಳಿಯಲಿ. ಚಿತ್ರವನ್ನು ಎಡ ಬಲ ತಿರುಗಿಸಿಯೂ ಒಂದು ಸಲ ಹುಡುಕಿ, ಹಂಚುವವರು ಎಷ್ಟೋ ಸಲ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಮಾಡಿರುತ್ತಾರೆ. ಬಣ್ಣ ತುಂಬಿದ್ದರೆ ಕಪ್ಪುಬಿಳುಪು ಮಾಡಿಕೊಳ್ಳಿ. ಆಮೇಲೆ ಬಂದ ರಿಸಲ್ಟ್‌ನಲ್ಲಿ ಮೊದಲು ಕಂಡಿದ್ದನ್ನೇ ನಂಬಬೇಡಿ. ಬ್ಲಾಗು, ಫೇಸ್‌ಬುಕ್ ಬಿಟ್ಟು, ಚಿತ್ರ ಎಲ್ಲಿಂದ ಬಂತು ಅಂತ ಬರೆದಿಟ್ಟಿರುವ ಪುಟ ಯಾವುದು ನೋಡಿ.

ಹಾಗೆ ಹುಡುಕಿದರೆ ಬರುವ ಹೆಸರು ಟಿಪ್ಪು ಟಿಪ್. ಆಫ್ರಿಕಾದ ಜಂಜಿಬಾರ್ ದ್ವೀಪದವನು. ಅಸಲಿ ಹೆಸರು ಹಮದ್ ಬಿನ್ ಮುಹಮ್ಮದ್ ಅಲ್ ಮುರ್ಜೆಬಿ. ಹುಟ್ಟಿದ್ದು 1830ರ ದಶಕದಲ್ಲಿ, ಅಂದರೆ ನಮ್ಮ ಟಿಪ್ಪು ಸತ್ತು ಮೂವತ್ತು ವರ್ಷದ ಮೇಲೆ. ಸತ್ತಿದ್ದು 1905ರಲ್ಲಿ. ದಂತ ಮತ್ತು ಗುಲಾಮರ ವ್ಯಾಪಾರಿ, ಪೂರ್ವ ಆಫ್ರಿಕಾದಿಂದ ಕಾಂಗೋ ಒಳಗಿನವರೆಗೂ ಅವನ ತಂಡಗಳು ಹೋಗುತ್ತಿದ್ದವು. ಸ್ಟ್ಯಾನ್ಲಿ ಅನ್ನುವ ಅನ್ವೇಷಕ 1876ರಲ್ಲಿ ಇವನ ಸಹಾಯ ಪಡೆದು ಕಾಂಗೋ ಕಡೆ ಹೊರಟ. 1887ರಲ್ಲಿ ಬೆಲ್ಜಿಯಂ ರಾಜ ಲಿಯೋಪೋಲ್ಡ್‌ನ ಆಡಳಿತ ಇವನನ್ನೇ ಸ್ಟ್ಯಾನ್ಲಿ ಜಲಪಾತದ ಪ್ರದೇಶಕ್ಕೆ ಗವರ್ನರ್ ಮಾಡಿತು. ಯುರೋಪಿನವರ ಜೊತೆ ಇಷ್ಟು ವ್ಯವಹಾರ ಇದ್ದವನ ಫೋಟೋ ಇರುವುದರಲ್ಲಿ ಆಶ್ಚರ್ಯ ಏನಿದೆ? ವಿಕಿಪೀಡಿಯದಲ್ಲಿ ಅವನ ಪುಟ ತೆಗೆಯಿರಿ, ನಿಮ್ಮ ಗ್ರೂಪಿನ ಅಸಲಿ ಟಿಪ್ಪು ಅಲ್ಲೇ ಕೂತಿದ್ದಾನೆ. ಬಟ್ಟೆಯೂ ಸಾಕ್ಷಿ ಹೇಳುತ್ತದೆ. ಆ ನಿಲುವಂಗಿ, ರುಮಾಲು ಸುತ್ತಿದ ರೀತಿ ಎಲ್ಲ ಒಮಾನಿ ಅರಬರದು, ಜಂಜಿಬಾರ್ ಆಗ ಒಮಾನಿ ಮನೆತನದ ಸುಲ್ತಾನರ ಕೈಲಿತ್ತು.

ಎಲ್ಲೋ ಒಬ್ಬರು "ಟಿಪ್ಪು" ಅಂತ ಟೈಪ್ ಮಾಡಿದ್ದಾರೆ, ಇವನು ಬಂದಿದ್ದಾನೆ, ಮುಂದಿನ ಹೆಸರು ಓದುವಷ್ಟು ಪುರುಸೊತ್ತು ಇರಲಿಲ್ಲ ಅಂತ ಕಾಣುತ್ತದೆ. ಇಷ್ಟೇ ಇದರ ಹಿಂದಿನ ಮಹಾ ಸಂಶೋಧನೆ.

ನನಗೆ ಉರಿಯುವುದು ಇನ್ನೊಂದು ವಿಷಯಕ್ಕೆ. ಇದೇ ಫೋಟೋ ನನ್ನ ಅಂಗಡಿಗೆ ಎರಡು ಕಡೆಯವರಿಂದಲೂ ಬಂದಿದೆ. ಒಬ್ಬರು ಮೇಲೆ "ಹುತಾತ್ಮ" ಅಂತ ಹಾಕಿಸುತ್ತಾರೆ. ಇನ್ನೊಬ್ಬರು "ಪಠ್ಯದಲ್ಲಿ ಸುಂದರಾಂಗ, ಅಸಲಿಗೆ ಹೀಗೆ" ಅಂತ ನಗುವ ಎಮೋಜಿ ಹಾಕಿ ಹಂಚುತ್ತಾರೆ. ಈ ಎರಡನೆಯದನ್ನು ಸ್ವಲ್ಪ ಬಿಡಿಸಿ ನೋಡಿ. ತಮಾಷೆ ಎಲ್ಲಿದೆ? ಆ ಮನುಷ್ಯ ಕಪ್ಪಗಿದ್ದಾನೆ ಅನ್ನುವುದೇ ತಮಾಷೆ. ಅಷ್ಟು ಬಿಟ್ಟರೆ ಅದರಲ್ಲಿ ಏನೂ ಇಲ್ಲ. ನಾನೂ ಕಪ್ಪು ಕಣ್ರೀ. ಸ್ಕೂಲಲ್ಲಿ ನನ್ನನ್ನು ಏನೇನು ಕರೆಯುತ್ತಿದ್ದರು ಅಂತ ಈ ಲಿಸ್ಟಿನಲ್ಲಿರುವ ಹಳೆ ಗೆಳೆಯರಿಗೆ ಚೆನ್ನಾಗಿ ಗೊತ್ತು, ಕರೆದವರೇ ಅವರು. ಅದೇ ಗೆಳೆಯರಲ್ಲಿ ಇಬ್ಬರು ಈ ಫೋಟೋ ಹಂಚಿದ್ದಾರೆ. ಹೆಸರು ಹೇಳುವುದಿಲ್ಲ, ಓದುತ್ತಿದ್ದೀರಿ ಅಂತ ಗೊತ್ತು. ಗುಲಾಮರನ್ನು ಮಾರಿದವನನ್ನು ಬೈಯುವುದಕ್ಕೆ ಬೇಕಾದಷ್ಟು ಕಾರಣ ಇದೆ, ಅವನ ಮೈಬಣ್ಣ ಅದರಲ್ಲಿ ಬರುವುದಿಲ್ಲ.

ಈಗ ಬುದ್ಧಿವಂತರು ಒಂದು ಪ್ರಶ್ನೆ ತೆಗೆಯುತ್ತಾರೆ, ನಮ್ಮ ಭಾವನೂ ತೆಗೆದರು. "ಆಯ್ತಪ್ಪ, ಫೋಟೋ ಸುಳ್ಳು. ಪೇಂಟಿಂಗ್ ಮಾತ್ರ ನಿಜಾನಾ? ಅದೂ ಯಾರೋ ಕಲ್ಪನೆ ಮಾಡಿ ಬರೆದಿದ್ದು ತಾನೇ?" ಇದರಲ್ಲಿ ಒಂಚೂರು ಹುರುಳಿದೆ. ಟಿಪ್ಪುವಿನ ದೇಹ ಪತ್ತೆಯಾದ ದೃಶ್ಯದ ಒಂದು ದೊಡ್ಡ ಪೇಂಟಿಂಗ್ ಇದೆ, ಸ್ಕಾಟ್ಲೆಂಡಿನ ಡೇವಿಡ್ ವಿಲ್ಕಿ ಬರೆದಿದ್ದು. ಅವನು ಇಂಡಿಯಾಕ್ಕೆ ಕಾಲಿಟ್ಟವನೇ ಅಲ್ಲ, ಚಿತ್ರ ಮುಗಿಸಿದ್ದು 1839ರಲ್ಲಿ. ಹೌದು, ಡಾಗೆರ್‌ನ ಅದೇ 1839. ಅದರಲ್ಲಿರುವ ಮುಖ ನೋಡಿ ಟಿಪ್ಪು ಹೀಗಿದ್ದ ಅಂದರೆ ನಾನೂ ಒಪ್ಪುವುದಿಲ್ಲ.

ಆದರೆ ಎಲ್ಲ ಪೇಂಟಿಂಗೂ ಹಾಗಲ್ಲವಲ್ಲ ಭಾವ. ಟಿಪ್ಪು ಬದುಕಿದ್ದಾಗಲೇ ಬರೆದವು ಇವೆ. ಕಾರ್ನ್‌ವಾಲಿಸ್ ಜೊತೆಗಿದ್ದ ಚೆರ್ರಿ ಅನ್ನುವ ಅಧಿಕಾರಿ ಬರೆದದ್ದು ಅಂತ ಹೇಳುವ, 1792ರ ಒಂದು ಚಿತ್ರ ಇದೆ. ನಮ್ಮ ದರಿಯಾ ದೌಲತ್ ಗೋಡೆಯ ಮೇಲೆ ಪೊಲ್ಲಿಲೂರಿನ ಯುದ್ಧ ಇದೆ, ಅಲ್ಲಿ ಟಿಪ್ಪು ಯುದ್ಧದ ಮಧ್ಯೆ ಆರಾಮಾಗಿ ಗುಲಾಬಿ ಮೂಸುತ್ತಿದ್ದಾನೆ, ಈ ಕಡೆ ಇಂಗ್ಲಿಷರ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿದ್ದಾನೆ. ಆ ಗೋಡೆಗೆ ಆಮೇಲೆ ಮತ್ತೆ ಮತ್ತೆ ಬಣ್ಣ ಬಳಿದಿದ್ದಾರೆ, ಆದ್ದರಿಂದ ಕಣ್ಣು ಮೂಗು ಪ್ರತಿ ಗೆರೆಯೂ ಅಂದಿನದೇ ಅಂತ ಹೇಳಲಾಗದು. ಆದರೂ ಈ ಹಳೆ ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟರೆ ಒಂದು ಮಾತು ಎಲ್ಲದರಲ್ಲೂ ಕೂಡಿಬರುತ್ತದೆ. ಮೀಸೆ ಇದೆ, ಗಡ್ಡ ಇಲ್ಲ.

ಇದನ್ನು ತಾಳೆ ನೋಡುವುದಕ್ಕೆ ಬರಹದ ಸಾಕ್ಷಿಯೂ ಇದೆ. ಕೋಟೆ ಬಿದ್ದ ರಾತ್ರಿ ದೀಪ ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿದವರಲ್ಲಿ ಮೇಜರ್ ಅಲನ್ ಒಬ್ಬ. ದೇಹ ಸಿಕ್ಕಾಗ ಕಣ್ಣು ತೆರೆದೇ ಇದ್ದವಂತೆ, ಮೈ ಇನ್ನೂ ಬೆಚ್ಚಗಿತ್ತಂತೆ. ಜೀವ ಇದೆಯೇನೋ ಅಂತ ಅನುಮಾನ ಬಂದು ನಾಡಿ ಹಿಡಿದು ನೋಡಿದರಂತೆ. ಅವನು ಬರೆದಿರುವ ಪ್ರಕಾರ ಟಿಪ್ಪು ಗಿಡ್ಡ, ಮೈಕೈ ತುಂಬಿಕೊಂಡವನು, ಎತ್ತಿದ ಭುಜ, ಮೋಟು ದಪ್ಪ ಕತ್ತು, ಕೈಕಾಲು ಮಾತ್ರ ತೀರಾ ಚಿಕ್ಕವು, ಬಣ್ಣ ಸ್ವಲ್ಪ ಕಪ್ಪೇ, ದೊಡ್ಡ ಕಣ್ಣು, ಸಣ್ಣ ಬಾಗಿದ ಹುಬ್ಬು, ಗಿಳಿಮೂಗು. ಇದನ್ನು ಓದಿಕೊಂಡು 1792ರ ಚಿತ್ರ ನೋಡಿ, ಆಮೇಲೆ ನಿಮ್ಮ ಗ್ರೂಪಿನ ಫೋಟೋ ನೋಡಿ. ಇನ್ನೊಂದು, ಸಾಯುವಾಗ ಟಿಪ್ಪುಗೆ ಐವತ್ತೂ ತುಂಬಿರಲಿಲ್ಲ. ಫೋಟೋದಲ್ಲಿರುವುದು ಬಿಳಿಗಡ್ಡದ ಮುದುಕ. ಅಷ್ಟು ವಯಸ್ಸಾಗುವವರೆಗೆ ಬದುಕಲು ಇಂಗ್ಲಿಷರು ಅವನನ್ನು ಬಿಡಲೇ ಇಲ್ಲವಲ್ಲ ಸ್ವಾಮಿ!

"ಅಯ್ಯೋ ಬಿಡಿ, ಫೋಟೋ ಯಾರದ್ದಾದರೇನು, ವಿಷಯ ಮುಖ್ಯ" ಅನ್ನುವವರೂ ಇದ್ದಾರೆ. ಒಳ್ಳೆಯದು. ನಾಳೆ ನಿಮ್ಮ ತಂದೆಯವರ ತಿಥಿ ಬ್ಯಾನರಿಗೆ ಪಕ್ಕದ ಮನೆಯವರ ಫೋಟೋ ಹಾಕಿಕೊಡುತ್ತೇನೆ, ವಿಷಯ ಮುಖ್ಯ ಅಲ್ವಾ?

ಇಷ್ಟನ್ನೂ ಇನ್ನೂ ಚೆನ್ನಾಗಿ, ತಾಳ್ಮೆಯಿಂದ ನಮ್ಮ ಮನೆ ಗ್ರೂಪಿನಲ್ಲಿ ಹಾಕಿದೆ. ಇಸವಿ ಹಾಕಿದೆ, ಎರಡು ಚಿತ್ರ ಪಕ್ಕ ಪಕ್ಕ ಇಟ್ಟು ಹಾಕಿದೆ, ಜಂಜಿಬಾರ್ ಎಲ್ಲಿದೆ ಅಂತ ಮ್ಯಾಪೂ ಹಾಕಿದೆ. ನೀಲಿ ಟಿಕ್ ಬಿದ್ದವು, ಯಾರೂ ಮಾತಾಡಲಿಲ್ಲ. ಕೊನೆಗೆ ದೊಡ್ಡಪ್ಪನ ಮಗ ಬಂದ. "ಒಪ್ಪಿದೆ ಕಣೋ, ಇದು ಟಿಪ್ಪು ಅಲ್ಲ. ಗಡ್ಡ ನೋಡಿದ್ರೆ ಅವರಪ್ಪ ಹೈದರಾಲಿ ಇರಬೇಕು."

ಅಣ್ಣಾ, ಹೈದರಾಲಿ ತೀರಿಕೊಂಡಿದ್ದು 1782ರಲ್ಲಿ. ಲೆಕ್ಕ ಇನ್ನೂ ಹದಿನೇಳು ವರ್ಷ ಹಿಂದಕ್ಕೆ ಹೋಯಿತು.