ಸೆಟ್ ತುಂಬದೆ ನಾನು ಬಸ್ ಹತ್ತಲ್ಲ

"ವಾಟ್ಸಾಪ್ ಗ್ರೂಪಲ್ಲಿ ಬಟ್ಟೆ ಮಾರೋದಕ್ಕೆ ಬಂಡವಾಳ ಬೇಡ, ನಷ್ಟದ ಭಯಾನೂ ಇಲ್ಲ" ಅಂತ ಹೇಳೋರು ಒಂದು ಮಾತು ನುಂಗಿಬಿಡ್ತಾರೆ. ಚಿಕ್ಕಪೇಟೆ ಹೋಲ್‌ಸೇಲ್ ಅಂಗಡಿಗಳಲ್ಲಿ ನಿಮಗೆ ಬೇಕಾದ ಒಂದು ನೈಟಿ ತೆಗೆದುಕೊಡಲ್ಲ. ಸೆಟ್ ತಗೋಬೇಕು. ಒಂದೇ ಡಿಸೈನು, ಎಂ, ಎಲ್, ಎಕ್ಸೆಲ್, ಡಬಲ್ ಎಕ್ಸೆಲ್, ನಾಲ್ಕು ಪೀಸು. ಗಿರಾಕಿ ಕೇಳಿದ್ದು ಬರೀ ಎಕ್ಸೆಲ್ ಆದ್ರೂ ಉಳಿದ ಮೂರರ ದುಡ್ಡು ನಿಮ್ಮ ತಲೆ ಮೇಲೆ.

ಮೊದಲ ಸಲ ನನಗಿದು ಗೊತ್ತಿರಲಿಲ್ಲ. ಆರ್ಡರ್ ಆಮೇಲೆ ಬರುತ್ತೆ ಅಂತ ಹತ್ತು ಸೆಟ್ ಹೊತ್ತು ತಂದೆ. ಎಲ್, ಎಕ್ಸೆಲ್ ವಾರದಲ್ಲಿ ಖಾಲಿ. ಎಂ ಸೈಜ್ ಎಂಟು ಪೀಸು ಕಪಾಟಲ್ಲಿ ಕೂತವು. ಅದು ಜೂನ್ ತಿಂಗಳು. ನಮ್ಮ ಸುಂಟಿಕೊಪ್ಪದ ಮಳೇಲಿ ಕಪಾಟಿನ ಬಟ್ಟೆಗೆ ಏನಾಗುತ್ತೆ ಅಂತ ಕೊಡಗಿನವರಿಗೆ ಹೇಳಬೇಕಾ? ಆಗಸ್ಟಲ್ಲಿ ತೆಗೆದಾಗ ಮಡಿಕೆ ಮಡಿಕೆಗೂ ಬೂಷ್ಟು. ಬಯಲುಸೀಮೆಯಲ್ಲಿ ಉಳಿದ ಮಾಲು ಬರೀ ಉಳಿದ ಮಾಲು. ಇಲ್ಲಿ ಮಳೆಗಾಲ ಮುಗಿಯೋದರಲ್ಲಿ ಅದು ಒರೆಸೋ ಬಟ್ಟೆ.

ಅವತ್ತಿಂದ ಲೆಕ್ಕ ತಿರುಗಿಸಿದೆ. ಮೊದಲು ಅಂಗಡಿಯವರ ಹತ್ತಿರ ಫೋಟೊ ತರಿಸ್ಕೊಂಡು, ಇವತ್ತು ಯಾವುದು ಇದೆ ಅಂತ ಕೇಳಿ, ಅಷ್ಟನ್ನೇ ಗ್ರೂಪಿಗೆ ಹಾಕ್ತೀನಿ. (ಫೋಟೊ ಮೂಲೇಲಿ ಅಂಗಡಿಯವರ ನಂಬರ್ ಇದ್ರೆ ಕತ್ತರಿಸಿ. ನಾನು ಮರೆತಿದ್ದಕ್ಕೆ ಪಕ್ಕದ ಲೈನ್‌ಮನೆಯವರು ನೇರ ಅಲ್ಲಿಗೇ ಫೋನ್ ಮಾಡಿದ್ರು!) ನೋಟ್‌ಬುಕ್ಕಲ್ಲಿ ಡಿಸೈನಿಗೊಂದು ಪುಟ, ಪುಟಕ್ಕೆ ನಾಲ್ಕು ಗೆರೆ. ಹೆಸರು, ಸೈಜು, ಅಡ್ವಾನ್ಸ್ ಬಂದ ಮೇಲೆ ಟಿಕ್. ನಾಲ್ಕರಲ್ಲಿ ಮೂರಾದರೂ ತುಂಬಿದ ಡಿಸೈನ್ ಮಾತ್ರ ತರೋದು. ತುಂಬದಿದ್ದರೆ ಶನಿವಾರ ರಾತ್ರಿಯೇ ಫೋನ್‌ಪೇ ಮಾಡಿ ದುಡ್ಡು ವಾಪಸ್. ಭಾನುವಾರ ಚಿಕ್ಕಪೇಟೇಲಿ ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತೆ, ಅದಕ್ಕೆ ಭಾನುವಾರ ರಾತ್ರಿ ಬಸ್ ಹತ್ತಿ ಸೋಮವಾರ ಬೆಳಿಗ್ಗೆ ಇಳೀತೀನಿ.

ಅಡ್ವಾನ್ಸ್ ಎಷ್ಟು ಕೇಳಬೇಕು ಅನ್ನೋದರಲ್ಲೇ ಇಡೀ ವ್ಯಾಪಾರ ನಿಂತಿದೆ. ಎಲ್ಲರೂ ಮಾರೋ ಬೆಲೆಯ ಅರ್ಧ ಅಂತಾರೆ. ನಾನು ಕೊಂಡ ಬೆಲೆ ನೋಡ್ತೀನಿ. ನನಗೆ 180ಕ್ಕೆ ಬೀಳೋ ನೈಟಿ 260ಕ್ಕೆ ಕೊಡ್ತೀನಿ, ಅಡ್ವಾನ್ಸ್ 150. ಗಿರಾಕಿ ಕೈಕೊಟ್ಟರೆ ನನ್ನದು ಸಿಕ್ಕಿಹಾಕಿಕೊಳ್ಳೋದು 30 ರೂಪಾಯಿ. ಅರ್ಧದ ಲೆಕ್ಕದಲ್ಲಿ 130 ತಗೊಂಡಿದ್ದರೆ 50. ಒಬ್ಬರದ್ದಾದರೆ ಸಣ್ಣ ವ್ಯತ್ಯಾಸ, ನಾಲ್ಕು ಜನ ಕೈಕೊಟ್ಟ ದಿನ ಗೊತ್ತಾಗುತ್ತೆ.

ಕಳೆದ ಸಲದ್ದು ಬಿಡಿಸಿ ಹೇಳ್ತೀನಿ. ಐದು ಸೆಟ್, ಇಪ್ಪತ್ತು ಪೀಸು, 3,600. ಆಟೊ, ಊಟ, ಲಗೇಜು ಸೇರಿ 200. ಆರ್ಡರ್ ಹದಿನೆಂಟು, ಅಡ್ವಾನ್ಸ್ 2,700. ನನ್ನ ಕೈಯಿಂದ ಹೋಗಿದ್ದು 1,100. ಸಂತೆ ದಿನ ಬಸ್‌ಸ್ಟ್ಯಾಂಡ್ ಹತ್ತಿರ ನಿಂತು ಕೊಟ್ಟೆ (ಮನೆಮನೆಗೆ ಹೋದರೆ ತೋಟದ ದಾರೀಲಿ ಪೆಟ್ರೋಲೇ ಲಾಭ ತಿನ್ನುತ್ತೆ). ಹದಿನಾರು ಜನ ಬಂದು ಉಳಿದ 110 ಕೊಟ್ಟರು, ಒಟ್ಟು 1,760. ಇಬ್ಬರು ಬರಲೇ ಇಲ್ಲ, ಅವರದ್ದನ್ನು ಬೇರೆಯವರಿಗೆ 200ರಂತೆ ಕೊಟ್ಟೆ. ಎಲ್ಲ ಕಳೆದು ಕೈಯಲ್ಲಿ ನಿಂತಿದ್ದು 1,060. ಎರಡು ರಾತ್ರಿ ಬಸ್ಸಿನ ನಿದ್ದೆಗೆ, ಒಂದು ಹಗಲಿನ ಅಲೆದಾಟಕ್ಕೆ ಇಷ್ಟೇ. ಅದೂ ಶಕ್ತಿ ಯೋಜನೆಯಿಂದ ನನಗೆ ಕೆಂಪು ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲ ಅಂತ. "ಸುಲಭ ಅಲ್ವಾ ಅಕ್ಕ, ನಾನೂ ಶುರು ಮಾಡ್ಲಾ?" ಅಂತ ಕೇಳೋ ತಮ್ಮಂದಿರಿಗೆ ನಾನು ಮೊದಲು ಹೇಳೋದು, ಹೋಗಿ ಬರೋ ಚಾರ್ಜ್ ಸೇರಿಸಿ ನೋಡಪ್ಪ ಅಂತ.

ಬಟ್ಟೆ ವಿಷಯದಲ್ಲೂ ನಮ್ಮೂರಿನ ಮಳೆ ಮಾತು ಕೇಳಲೇಬೇಕು. ದಪ್ಪ ಕಾಟನ್ ಜುಲೈಯಲ್ಲಿ ಮೂರು ದಿನ ಆದರೂ ಒಣಗಲ್ಲ. ಜೂನಿಂದ ಸೆಪ್ಟೆಂಬರ್‌ವರೆಗೆ ಬೇಗ ಒಣಗೋ ಆಲ್ಪೈನ್ ತರ್ತೀನಿ, ಬೇಸಿಗೇಲಿ ಕಾಟನ್. ಅಂಗಡೀಲೇ ಬಿಳಿ ಕರ್ಚೀಫ್ ಒದ್ದೆ ಮಾಡಿ ಕಾಟನ್ ಮೇಲೆ ಗಟ್ಟಿ ಉಜ್ಜಿ ನೋಡ್ತೀನಿ. ಕೆಂಪು, ನೇರಳೆ ಅಂಟಿಕೊಂಡರೆ ಆ ಡಿಸೈನೇ ಬೇಡ. ಹೋಲ್‌ಸೇಲಲ್ಲಿ ದುಡ್ಡು ವಾಪಸ್ ಬರಲ್ಲ, ಸಿಕ್ಕರೆ ಬದಲಿ ಪೀಸು. ಅದಕ್ಕಂತ ಮತ್ತೆ ಬೆಂಗಳೂರಿಗೆ ಯಾರು ಹೋಗ್ತಾರೆ?

ಎಂ ಸೈಜಿನ ಕಾಟ ಮಾತ್ರ ಪೂರ್ತಿ ತಪ್ಪಿಲ್ಲ. ಈಗ ಎಲ್‌ನಿಂದ ತ್ರಿಬಲ್ ಎಕ್ಸೆಲ್‌ವರೆಗಿನ ಸೆಟ್ ಇಡೋ ಅಂಗಡಿ ಒಂದು ಹುಡುಕಿಕೊಂಡಿದ್ದೀನಿ, ಅಲ್ಲಿ ಪೀಸಿಗೆ 15 ರೂಪಾಯಿ ಜಾಸ್ತಿ. ಕಳೆದ ಸಲದ ಎರಡು ಎಂ ಇನ್ನೂ ಇದೆ. ಒಂದು ನೀಲಿ, ಒಂದು ಗುಲಾಬಿ, ಆಲ್ಪೈನ್. ಕೊಂಡ ಬೆಲೆಗೇ ಕೊಡ್ತೀನಿ, ಬೇಕಾದೋರು ಇನ್‌ಬಾಕ್ಸಿಗೆ ಬನ್ನಿ. ಮಳೆ ಹಿಡಿಯೋದರೊಳಗೆ.